ಹಳೆಯ ಸ್ಕೂಟರಿನ ಮೇಲೆ ತೆರಿಗೆ ಎಷ್ಟು? ಎಂಟನೆಯ ತರಗತಿಯಲ್ಲಿ ತಪ್ಪಿದ ಒಂದು ಲೆಕ್ಕ

ಬೋಧನಾಭ್ಯಾಸದ ಎರಡನೆಯ ವಾರ ಎಂಟನೆಯ ತರಗತಿಗೆ ‘ಪರಿಮಾಣಗಳ ಹೋಲಿಕೆ’ ಘಟಕದಲ್ಲಿ ಸರಕು ಮತ್ತು ಸೇವಾ ತೆರಿಗೆಯ ಪಾಠವನ್ನು ತೆಗೆದುಕೊಂಡಿದ್ದೆ. ಪುಸ್ತಕದ ಲೆಕ್ಕಗಳ ಜೊತೆಗೆ ಮಕ್ಕಳಿಗೆ ಹತ್ತಿರವಾದ ಒಂದು ಲೆಕ್ಕ ಇರಲಿ ಎಂದು ಪಾಠ ಯೋಜನೆಯಲ್ಲಿ ಹೀಗೆ ಬರೆದುಕೊಂಡಿದ್ದೆ: ‘ಹಳೆಯ ವಾಹನಗಳ ವ್ಯಾಪಾರಿಯೊಬ್ಬ ಒಂದು ಸ್ಕೂಟರನ್ನು ₹42,000ಕ್ಕೆ ಕೊಂಡು ₹50,000ಕ್ಕೆ ಮಾರುತ್ತಾನೆ. ತೆರಿಗೆ ದರ 18% ಆದರೆ ಗ್ರಾಹಕ ಕೊಡಬೇಕಾದ ಮೊತ್ತ ಎಷ್ಟು?’ ಉತ್ತರವನ್ನೂ ಬರೆದಿದ್ದೆ: ತೆರಿಗೆ ₹9,000, ಒಟ್ಟು ₹59,000.

ಕಪ್ಪುಹಲಗೆಯ ಮೇಲೆ ಉತ್ತರ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ನಮ್ಮ ಚಿಕ್ಕಪ್ಪ ಹಳೇ ಗಾಡಿ ವ್ಯಾಪಾರ ಮಾಡ್ತಾರೆ. ಐವತ್ತು ಸಾವಿರದ ಗಾಡಿಗೆ ಒಂಬತ್ತು ಸಾವಿರ ತೆರಿಗೆ ಹಾಕಿದ್ರೆ ಯಾರು ತಗೋತಾರೆ? ಅವರು ಮಧ್ಯದಲ್ಲಿ ಉಳಿಯೋ ದುಡ್ಡಿಗೆ ಮಾತ್ರ ಕಟ್ಟೋದು.” ನನ್ನ ಹತ್ತಿರ ಉತ್ತರವಿರಲಿಲ್ಲ. ನೋಡಿಕೊಂಡು ಬಂದು ಹೇಳುತ್ತೇನೆ ಎಂದೆ. ಹಿಂದೆ ಕುಳಿತು ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ‘ವಿಷಯ ಪರಿಶೀಲಿಸಿ’ ಎಂದಷ್ಟೇ ಬರೆದರು.

ಪರಿಶೀಲಿಸಿದಾಗ ಹುಡುಗ ಹೇಳಿದ್ದೇ ಸರಿ ಎಂದು ತಿಳಿಯಿತು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳಲ್ಲಿ 32(5)ನೆಯ ನಿಯಮ ಇದಕ್ಕೆಂದೇ ಇದೆ. ಬಳಸಿದ ವಸ್ತುಗಳನ್ನು ಕೊಂಡು ಮಾರುವ ವ್ಯಾಪಾರಿ ಅವುಗಳನ್ನು ಇದ್ದ ಹಾಗೆಯೇ, ಅಥವಾ ವಸ್ತುವಿನ ಸ್ವರೂಪ ಬದಲಾಗದಷ್ಟು ಸಣ್ಣಪುಟ್ಟ ಕೆಲಸ ಮಾಡಿ ಮಾರಿದರೆ, ಮಾರಿದ ಬೆಲೆ ಮತ್ತು ಕೊಂಡ ಬೆಲೆಗಳ ವ್ಯತ್ಯಾಸವೇ ತೆರಿಗೆ ಹಾಕಬೇಕಾದ ಮೌಲ್ಯ. ಷರತ್ತು ಒಂದಿದೆ: ಆ ವಸ್ತುವನ್ನು ಕೊಂಡದ್ದಕ್ಕೆ ಅವನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆದಿರಬಾರದು. ಹಳೆಯ ವಾಹನಗಳಿಗೆ ದರವನ್ನು ಹೇಳುವ ಅಧಿಸೂಚನೆ ಬೇರೆಯಿದೆ. ದೊಡ್ಡ ಕಾರುಗಳಿಗೆ 18%, ಸ್ಕೂಟರಿನಂಥವಕ್ಕೆ 12% ಎಂದು 2018ರಿಂದ ಇದ್ದದ್ದು 2025ರ ಜನವರಿಯಲ್ಲಿ ಎಲ್ಲಕ್ಕೂ 18% ಆಯಿತು. ದರ ಏರಿದರೂ ಅದು ಬೀಳುವುದು ಮಾರ್ಜಿನ್ ಮೇಲೆಯೇ. ಹಾಗಾಗಿ ನನ್ನ ಸ್ಕೂಟರಿಗೆ ಮಾರ್ಜಿನ್ ₹8,000, ತೆರಿಗೆ ₹1,440. ರಾಜ್ಯದೊಳಗಿನ ಮಾರಾಟವಾದರೆ ಇದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ.

ಮರುದಿನ ಇಷ್ಟನ್ನು ಹೇಳಿ ತಿದ್ದಿದರೆ ಸಾಕಿತ್ತು. ಆದರೆ “ಹೊಸ ವಸ್ತುವಿಗೆ ಪೂರ್ತಿ ಬೆಲೆಯ ಮೇಲೆ, ಹಳೆಯದಕ್ಕೆ ಮಾರ್ಜಿನ್ ಮೇಲೆ ಯಾಕೆ?” ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ ಎನಿಸಿತು. ನಿಜ ಹೇಳಬೇಕೆಂದರೆ ನನಗೂ ಅದು ರಿಯಾಯಿತಿಯಂತೆ ಕಂಡಿತ್ತು. ಅದೇ ಸಂಖ್ಯೆಗಳನ್ನು ಸಾಮಾನ್ಯ ವ್ಯಾಪಾರಿಯೊಬ್ಬನಿಗೆ ಹಾಕಿ ನೋಡಿದೆ.

18% ದರದ ಯಾವುದೋ ಹೊಸ ವಸ್ತುವನ್ನು ಅವನು ₹42,000ಕ್ಕೆ ಕೊಳ್ಳುತ್ತಾನೆ ಎನ್ನೋಣ. ಅದರ ಮೇಲೆ ₹7,560 ತೆರಿಗೆ ಕೊಡುತ್ತಾನೆ. ₹50,000ಕ್ಕೆ ಮಾರುವಾಗ ಗ್ರಾಹಕನಿಂದ ₹9,000 ತೆರಿಗೆ ಪಡೆಯುತ್ತಾನೆ. ಸರ್ಕಾರಕ್ಕೆ ಕಟ್ಟುವಾಗ, ತಾನು ಮೊದಲೇ ಕೊಟ್ಟ ₹7,560ನ್ನು ಕ್ರೆಡಿಟ್ ಎಂದು ಕಳೆದುಕೊಳ್ಳುತ್ತಾನೆ. ಉಳಿಯುವುದು ₹1,440. ಹಲಗೆಯ ಎರಡು ಬದಿಯಲ್ಲೂ ಅದೇ ಸಂಖ್ಯೆ ಬಂದಾಗ ತರಗತಿಯಲ್ಲಿ ಸಣ್ಣ ಗದ್ದಲವೇ ಆಯಿತು.

ಈ ತೆರಿಗೆ ಮೊದಲಿನಿಂದಲೂ ಪ್ರತಿ ವ್ಯಾಪಾರಿ ಸೇರಿಸಿದ ಮೌಲ್ಯದ ಮೇಲಿನದೇ. ಸಾಮಾನ್ಯ ವ್ಯಾಪಾರಿಯ ವಿಷಯದಲ್ಲಿ ಆ ಕೆಲಸವನ್ನು ಕ್ರೆಡಿಟ್ ಮಾಡುತ್ತದೆ. ಹಳೆಯ ಸ್ಕೂಟರ್ ಬರುವುದು ನಮ್ಮ ನಿಮ್ಮಂಥ ಮನೆಯವರಿಂದ. ಅವರು ನೋಂದಾಯಿತರಲ್ಲ, ತೆರಿಗೆಯ ಬಿಲ್ಲು ಕೊಡುವುದಿಲ್ಲ, ಆದ್ದರಿಂದ ವ್ಯಾಪಾರಿಗೆ ಕಳೆದುಕೊಳ್ಳಲು ಕ್ರೆಡಿಟ್ಟೇ ಇಲ್ಲ. ಆದರೆ ಆ ಸ್ಕೂಟರ್ ಹೊಸದಾಗಿದ್ದಾಗ ಅದರ ಪೂರ್ತಿ ಬೆಲೆಗೆ ತೆರಿಗೆ ಸಂದಾಯವಾಗಿತ್ತು. ಈಗ ₹50,000ಕ್ಕೂ ತೆರಿಗೆ ಹಾಕಿದರೆ ಅದೇ ಮೌಲ್ಯಕ್ಕೆ ಎರಡನೆಯ ಸಲ ಹಾಕಿದಂತೆ. ಕ್ರೆಡಿಟ್ ಇಲ್ಲದ ಕಡೆ ಕೊಂಡ ಬೆಲೆಯನ್ನೇ ನೇರವಾಗಿ ಕಳೆದು ಅಲ್ಲಿಗೇ ತಲುಪುವ ದಾರಿ ಇದು. ಕ್ರೆಡಿಟ್ ಪಡೆದವನಿಗೆ ಈ ದಾರಿ ಯಾಕಿಲ್ಲ ಎಂಬುದೂ ಇಲ್ಲಿಯೇ ಗೊತ್ತಾಗುತ್ತದೆ: ಅವನು ಒಮ್ಮೆ ಕಳೆದುಕೊಂಡಿದ್ದಾನೆ.

ಎರಡು ದಾರಿಗಳು ಬೇರೆಯಾಗುವ ಜಾಗವೂ ಒಂದಿದೆ, ಅದು ನಷ್ಟ. ವ್ಯತ್ಯಾಸ ಋಣ ಸಂಖ್ಯೆಯಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ನಿಯಮವೇ ಹೇಳುತ್ತದೆ. ಮಕ್ಕಳಿಗೆ ಮೂರು ಸ್ಕೂಟರ್‌ಗಳನ್ನು ಕೊಟ್ಟೆ. ಮೊದಲನೆಯದು ನಮ್ಮದೇ, ಮಾರ್ಜಿನ್ ₹8,000. ಎರಡನೆಯದನ್ನು ₹32,000ಕ್ಕೆ ಕೊಂಡು ₹30,000ಕ್ಕೆ ಮಾರಿದ. ಮೂರನೆಯದನ್ನು ₹25,000ಕ್ಕೆ ಕೊಂಡು ₹30,000ಕ್ಕೆ ಮಾರಿದ. ಒಟ್ಟು ತೆರಿಗೆ ಎಷ್ಟು?

ಹೆಚ್ಚಿನವರು 8,000 ಕಳೆ 2,000 ಕೂಡು 5,000 ಎಂದು ಮಾಡಿ, ₹11,000ಕ್ಕೆ 18%, ಅಂದರೆ ₹1,980 ಎಂದು ಬರೆದರು. ಪೂರ್ಣಾಂಕಗಳನ್ನು ಚೆನ್ನಾಗಿ ಕಲಿತವರೇ ಹೀಗೆ ಮಾಡಿದ್ದು. ನಿಯಮದ ಪ್ರಕಾರ ಒಂದೊಂದು ಮಾರಾಟವನ್ನೂ ಬೇರೆಬೇರೆಯಾಗಿ ನೋಡಬೇಕು, ಎರಡನೆಯದರ ಮೌಲ್ಯ ಸೊನ್ನೆ. ₹13,000ಕ್ಕೆ ತೆರಿಗೆ ₹2,340. ವ್ಯತ್ಯಾಸ ₹360, ಅಂದರೆ ನಷ್ಟವಾದ ₹2,000ದ 18%. ಸಾಮಾನ್ಯ ವ್ಯಾಪಾರಿ ಅದೇ ನಷ್ಟ ಮಾಡಿಕೊಂಡಿದ್ದರೆ ₹5,760 ಕ್ರೆಡಿಟ್ ಇದ್ದು ₹5,400 ಮಾತ್ರ ತೆರಿಗೆ ಬರುತ್ತಿತ್ತು. ಮಿಕ್ಕ ₹360 ಬೇರೆ ಸರಕಿನ ತೆರಿಗೆಗೆ ಹೊಂದುತ್ತಿತ್ತು. ಹಳೆಯ ವಾಹನದವನಿಗೆ ಅದು ಹೋಯಿತು. ಇದು ನ್ಯಾಯವೇ ಎಂದು ಒಬ್ಬಳು ಕೇಳಿದಳು. ನನಗೂ ಇದು ವ್ಯಾಪಾರಿಯ ಮೇಲೆ ಬಿಗಿಯಾಗಿಯೇ ಕಾಣುತ್ತದೆ ಎಂದೆ.

ಇನ್ನೊಂದು ತೊಡಕು ನಮ್ಮ ಪಾಠದಿಂದಲೇ ಬಂತು. ಸ್ಕೂಟರಿಗೆ ಟೈರು, ಬಣ್ಣ ಎಂದು ₹3,000 ಖರ್ಚಾದರೆ ಲಾಭನಷ್ಟದ ಲೆಕ್ಕದಲ್ಲಿ ಅದನ್ನು ಮೇಲ್ವೆಚ್ಚವೆಂದು ಕೊಂಡ ಬೆಲೆಗೆ ಸೇರಿಸುತ್ತೇವೆ. ಲಾಭ ₹5,000 ಆಗುತ್ತದೆ. ನಿಯಮದಲ್ಲಿ ಕಳೆಯುವುದು ಕೊಂಡ ಬೆಲೆಯನ್ನು ಮಾತ್ರ. ಮಾರ್ಜಿನ್ ₹8,000ವೇ, ತೆರಿಗೆ ₹1,440ವೇ. ‘ಲಾಭದ ಮೇಲಿನ ತೆರಿಗೆ’ ಎಂದು ಮೊದಲು ನಾನೇ ಹಲಗೆಯ ಮೇಲೆ ಬರೆದಿದ್ದೆ. ಆ ಸಾಲನ್ನು ಒರೆಸಿ ‘ಬೆಲೆಗಳ ವ್ಯತ್ಯಾಸದ ಮೇಲಿನ ತೆರಿಗೆ’ ಎಂದು ಬರೆಯಬೇಕಾಯಿತು.

ಅವಧಿ ಮುಗಿಯುವ ಹೊತ್ತಿಗೆ ಒಬ್ಬ ಕೇಳಿದ: “ಮಿಸ್, ನಮ್ಮಪ್ಪ ಎಂಬತ್ತು ಸಾವಿರದ ಬೈಕನ್ನ ನಲವತ್ತೈದಕ್ಕೆ ಮಾರಿದ್ರು. ಮೂವತ್ತೈದು ಸಾವಿರಕ್ಕೆ ತೆರಿಗೆ ಕಟ್ಟಬೇಕಾ?” ದರ ಏರಿದ ಸಮಯದಲ್ಲಿ ಮೊಬೈಲುಗಳಲ್ಲಿ ಹರಿದಾಡಿದ ತಪ್ಪು ತಿಳಿವಳಿಕೆ ಇದೇ. ಉತ್ತರವನ್ನು ತರಗತಿಯೇ ಹೇಳಿತು: 45,000ದಿಂದ 80,000 ಕಳೆದರೆ ಋಣ ಸಂಖ್ಯೆ. ನಾನು ಸೇರಿಸಿದ್ದು ಇಷ್ಟು: ಅವನ ತಂದೆ ವ್ಯಾಪಾರಿಯಲ್ಲ, ನೋಂದಾಯಿತರೂ ಅಲ್ಲ, ಸ್ವಂತ ಬೈಕನ್ನು ಹೆಚ್ಚು ಬೆಲೆಗೆ ಮಾರಿದ್ದರೂ ಈ ತೆರಿಗೆ ಅವರಿಗೆ ಬರುತ್ತಿರಲಿಲ್ಲ.

ಪಾಠ ಯೋಜನೆಯ ಮೂಲ ಲೆಕ್ಕದಲ್ಲಿ ಇನ್ನೊಂದು ಕೊರತೆ ಆಮೇಲೆ ಕಂಡಿತು. ₹50,000 ಎಂಬುದು ತೆರಿಗೆ ಬಿಟ್ಟೋ ಸೇರಿಯೋ ಎಂದು ನಾನು ಹೇಳಿರಲೇ ಇಲ್ಲ. ಬಿಟ್ಟಾದರೆ ಗ್ರಾಹಕ ₹51,440 ಕೊಡುತ್ತಾನೆ. ಎಲ್ಲ ಸೇರಿ ₹50,000 ಎಂದಾದರೆ ₹8,000ದೊಳಗೇ ತೆರಿಗೆ ಅಡಗಿದೆ. ಆಗ ಅದು 8,000 × 18/118, ಸುಮಾರು ₹1,220. ತಿದ್ದಿದ ಯೋಜನೆಯಲ್ಲಿ ‘ತೆರಿಗೆ ಹೊರತುಪಡಿಸಿ’ ಎಂದು ಸೇರಿಸಿದ್ದೇನೆ. ಎರಡನೆಯ ರೂಪವನ್ನು ಮನೆಗೆಲಸಕ್ಕೆ ಇಟ್ಟಿದ್ದೇನೆ.