ಮಾಗಡಿ ಕೆರೆಗೆ ಬಾತು ಇಳಿಸುವ ಆರು ದಿನ

ಒಂದೇ ವಾರದಲ್ಲಿ ಶಾಲೆಯ ಮಕ್ಕಳ ಅನಿಮೇಷನ್ ಚಿತ್ರ ಮುಗಿಯಬೇಕಾದರೆ ಅವರಿಂದ ಹಾಳೆ ಮೇಲೆ ಹಾಳೆ ಚಿತ್ರ ಬರೆಸಬಾರದು. ಕಾಗದ ಕತ್ತರಿಸಿ, ಸರಿಸಿ, ಫೋಟೊ ತೆಗೆಸಬೇಕು. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 12 ಫೋಟೊ ಎಂದರೆ 20 ಸೆಕೆಂಡಿನ ಚಿತ್ರಕ್ಕೆ 240. ಒಂದೊಂದು ಭಂಗಿಯನ್ನು ಎರಡು ಸಲ ಕ್ಲಿಕ್ಕಿಸಿದರೂ 120 ಭಂಗಿ ಬೇಕು. ಅಷ್ಟನ್ನೂ ಬರೆದು ಬಣ್ಣ ತುಂಬುತ್ತ ಕುಳಿತರೆ ಶನಿವಾರ ಬಂದರೂ ಹಕ್ಕಿ ಹಾರುವುದಿಲ್ಲ. ಹಾಗಾದರೆ ಚಿತ್ರಕಲೆ ಎಲ್ಲಿ ಉಳಿಯಿತು ಎಂದು ಡ್ರಾಯಿಂಗ್ ಮಾಸ್ತರರು ಕೇಳಬಹುದು. ಅದು ಬಿಡಿಭಾಗಗಳಲ್ಲಿ ಉಳಿಯುತ್ತದೆ: ರೆಕ್ಕೆ ಎಲ್ಲಿ ಹುಟ್ಟುತ್ತದೆ, ಕತ್ತು ಎಲ್ಲಿ ಬಾಗುತ್ತದೆ ಎಂದು ನೋಡಿ ಬರೆಯದೆ ಅವನ್ನು ಕತ್ತರಿಸಲಾಗದು. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಪೂರ್ಣಾವಧಿಯ ಚಿತ್ರವೊಂದನ್ನೇ ಕತ್ತರಿಸಿದ ನೆರಳು ಆಕೃತಿಗಳಿಂದ ತೆರೆಗೆ ತಂದರು. ನಮ್ಮ ತೊಗಲುಗೊಂಬೆಯ ಕೈಕಾಲು ಆಡುವುದೂ ಕೀಲುಗಳಿಂದಲೇ.

ಕಥೆಗೆ ದೂರ ಹೋಗಬೇಕಿಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರದ ಮಕ್ಕಳಿಗೆ ಮಾಗಡಿ ಕೆರೆ ಹತ್ತಿರದ್ದೇ. 2024ರಲ್ಲಿ ಅದು ರಾಮ್ಸಾರ್ ಪಟ್ಟಿ ಸೇರಿತು. ಹಿಮಾಲಯ ದಾಟಿ ಚಳಿಗಾಲಕ್ಕೆ ಅಲ್ಲಿಗೆ ಬರುವ ಪಟ್ಟೆತಲೆ ಬಾತು ಆಕಾಶದಿಂದ ನೀರಿಗಿಳಿಯುತ್ತದೆ. ಇಷ್ಟೇ ಕಥೆ ಸಾಕು. ಸೋಮವಾರ ಮಕ್ಕಳು ಇದನ್ನು ಆರು ಚೌಕಗಳಲ್ಲಿ ಗೀಚಲಿ. ಮಂಗಳವಾರ ಹಳೆಯ ಮದುವೆ ಕಾರ್ಡುಗಳಲ್ಲಿ ದೇಹ, ತಲೆಸಹಿತ ಕತ್ತು, ಮತ್ತು ಮೇಲೆ, ನಡುವೆ, ಕೆಳಗೆ ಇರುವಂತೆ ಮೂರು ರೆಕ್ಕೆ ಕತ್ತರಿಸಲಿ. ಕತ್ತಿಗೆ ದಾರದ ಗಂಟಿನ ಕೀಲು ಸಾಕು, ರೆಕ್ಕೆಯನ್ನು ಪ್ರತಿ ಭಂಗಿಗೆ ಬದಲಾಯಿಸಿದರಾಯಿತು.

ಬುಧವಾರದ ಪರೀಕ್ಷೆಯನ್ನು ಮಾತ್ರ ಅವಸರದಲ್ಲಿ ಮುಗಿಸಬಾರದು, ಏಕೆಂದರೆ ಇಲ್ಲಿ ದೋಷ ಗೊತ್ತಾಗದಿದ್ದರೆ ಇಡೀ ಚಿತ್ರ ಕೆಡುತ್ತದೆ. ಎರಡು ಪುಸ್ತಕ ರಾಶಿಗಳ ನಡುವೆ ಪಟ್ಟಿ ಇಟ್ಟು ಮೊಬೈಲನ್ನು ಕೆಳಮುಖವಾಗಿ ಬಿಗಿಯಿರಿ. ಮೇಲೆ, ನಡುವೆ, ಕೆಳಗೆ, ನಡುವೆ ಎಂದು ನಾಲ್ಕು ಭಂಗಿಯನ್ನು ಎರಡೆರಡು ಸಲ ತೆಗೆದು ಓಡಿಸಿದರೆ ಒಂದು ರೆಕ್ಕೆಬಡಿತ ಸೆಕೆಂಡಿನ ಮೂರನೇ ಎರಡು ಭಾಗದಲ್ಲಿ ಮುಗಿಯುತ್ತದೆ. ಬೆಳಕು ಮಿಣುಕಿದರೆ ದೋಷ ಮಕ್ಕಳದಲ್ಲ: ಕ್ಯಾಮೆರಾ ಪ್ರತಿ ಸಲ ಬೆಳಕನ್ನು ಹೊಸದಾಗಿ ಅಳೆಯುತ್ತಿದೆ, ಇಲ್ಲವೇ ಕಿಟಕಿಯ ಬಿಸಿಲು ಸರಿದಿದೆ. ಕಿಟಕಿ ಮುಚ್ಚಿ, ದೀಪ ಹಾಕಿ, ಪರದೆಯನ್ನು ಒತ್ತಿಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಬಿಳಿ ಅಂಗಿಯವರು ಬಾಗಿದರೂ ಹಾಳೆಯ ಬಣ್ಣ ತಿರುಗುತ್ತದೆ.

ಗುರುವಾರ, ಶುಕ್ರವಾರ ಚಿತ್ರೀಕರಣ. ಒಬ್ಬರು ಸರಿಸಲಿ, ಒಬ್ಬರು ಕ್ಲಿಕ್ಕಿಸಲಿ, ಮತ್ತೊಬ್ಬರು ಎಣಿಸುತ್ತ ಚೌಕಟ್ಟಿನೊಳಗೆ ಕೈ ಉಳಿದಿದೆಯೇ ನೋಡಲಿ. ದಿನಕ್ಕೆ 60 ಭಂಗಿ ಗುರಿ. ಒಂದೇ ಅಳತೆಯಲ್ಲಿ ಸರಿಸಿದ ಹಕ್ಕಿ ಹಗ್ಗಕ್ಕೆ ಕಟ್ಟಿ ಎಳೆದಂತೆ ಕಾಣುತ್ತದೆ. ಆಕಾಶದಲ್ಲಿ ಎರಡು ಸೆಂಟಿಮೀಟರ್, ನೀರು ಹತ್ತಿರವಾದಂತೆ ಒಂದು, ಕೊನೆಗೆ ಅರ್ಧ ಸರಿಸಿದರೆ ಅದಕ್ಕೆ ತೂಕ ಬರುತ್ತದೆ. 20 ಸೆಕೆಂಡು ತೀರಾ ಕಡಿಮೆಯೆನ್ನುವ ಪಾಲಕರಿಗೆ ಈ ಅಳತೆಯ ವ್ಯತ್ಯಾಸವನ್ನು ಎರಡು ಸಲ ಓಡಿಸಿ ತೋರಿಸಬಹುದು. ಶನಿವಾರ ಅರ್ಧ ದಿನವೇ ಶಾಲೆ, ಆದ್ದರಿಂದ ಸದ್ದಿಗೆ ಒಂದು ತಾಸು: ರೆಕ್ಕೆಗೆ ಹಾಳೆ ಬೀಸಿದ ಶಬ್ದ, ನೀರಿಗೆ ಬಕೆಟ್ಟು.