‘ಹಲವು ದಿನ’ ಎಂದರೆ ಎಷ್ಟು ದಿನ?

ಶಂಕರಪುರಂನ ಹಿರಿಯರಿಗಾಗಿ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೀರಿ. ಅದರ ಕನ್ನಡ ಆವೃತ್ತಿ ಆಗಲೇ ಇದೆ, ಮೊದಲು ಅದನ್ನು ನೋಡಿ.

ನಿಮ್ಮ ಕರಡಿನಲ್ಲಿ ತೊಡಕಿರುವುದು ಉತ್ತರಗಳಲ್ಲಿ. ಕಳೆದ ಎರಡು ವಾರದ ಕಷ್ಟಕ್ಕೆ ಮೂಲದಲ್ಲಿ 0ಯಿಂದ 3ರವರೆಗೆ ಅಂಕ. ಅರ್ಧಕ್ಕಿಂತ ಹೆಚ್ಚು ದಿನವಾದರೆ 2. ಅದಕ್ಕೂ ಕಡಿಮೆಯಾದ 1ಕ್ಕೆ ನೀವು ‘ಹಲವು ದಿನ’ ಎಂದಿದ್ದೀರಿ. ನಿಘಂಟಿನ ಪ್ರಕಾರ ಸರಿಯೇ. ಆದರೆ ಹತ್ತು ರಾತ್ರಿ ನಿದ್ದೆಗೆಟ್ಟ ಅಜ್ಜಿಯೂ ‘ಹೂಂನಮ್ಮಾ, ಹಲವು ದಿನ’ ಎಂದುಬಿಡಬಹುದು. ಒಂದು ಅಂಕ ಹೋಯಿತು! ಮರಳಿ ಇಂಗ್ಲಿಷಿಗೆ ಅನುವಾದಿಸಿ ನೋಡಿದರೂ ಈ ದೋಷ ಕಾಣುವುದಿಲ್ಲ.

‘ಕೆಲವು ದಿನ’ ಎಂದು ಬದಲಿಸಿ, ಏಳೆಂಟು ಹಿರಿಯರಿಗೆ ಓದಿ ಹೇಳಿ. ಉತ್ತರ ಬಂದಮೇಲೆ, ‘ಎಷ್ಟು ದಿನ ಅಂತ ಲೆಕ್ಕ ಹಾಕಿದ್ರಿ?’ ಎಂದು ಕೇಳಿ. ‘ಕೆಲವು’ ಎಂದವರು ಎಂಟೋ ಒಂಬತ್ತೋ ಎಂದರೆ, ಆಯ್ಕೆಯ ಪಕ್ಕದಲ್ಲೇ ‘ಏಳು ದಿನ ಅಥವಾ ಅದಕ್ಕಿಂತ ಕಡಿಮೆ’ ಎಂದು ಸೇರಿಸಿ ಮತ್ತೆ ಪರೀಕ್ಷಿಸಿ.