ಎಲ್‌ಆರ್‌ಎಸ್ ಮಿತಿ ಮತ್ತು ಮನೆಗೆ ತಗಲುವ ಡಾಲರ್ ದರ

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ (ಎಲ್‌ಆರ್‌ಎಸ್) 2004ರಲ್ಲಿ 25,000 ಡಾಲರ್ ಮಿತಿಯೊಂದಿಗೆ ಶುರುವಾಯಿತು. ಈಗ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಕಳುಹಿಸಬಹುದು. ಮಿತಿ ತಲಾವಾರು ಆದ್ದರಿಂದ ನಾಲ್ವರ ಕುಟುಂಬಕ್ಕೆ ಅದು 10 ಲಕ್ಷ ಡಾಲರ್. ಸಾಮಾನ್ಯ ಮನೆಗೆ ಇದು ಗೋಡೆಯೇ ಅಲ್ಲ. ಮಿತಿ ಬಿಗಿಯಾದರೆ ರೂಪಾಯಿ ಉಳಿಯುತ್ತದೆ ಎಂಬ ವಾದವುಂಟು. ಆದರೆ 2013ರ ಆಗಸ್ಟ್ 14ರಂದು ಮಿತಿಯನ್ನು 2 ಲಕ್ಷದಿಂದ 75,000 ಡಾಲರ್‌ಗೆ ಇಳಿಸಿದ ಮೇಲೂ, ತಿಂಗಳು ಮುಗಿಯುವ ಮುನ್ನವೇ ಡಾಲರ್ 68 ರೂಪಾಯಿ ದಾಟಿತು. ಬಂಡವಾಳ ಹೊರಹೋಗುವ ದೊಡ್ಡ ಬಾಗಿಲು ಮನೆಮಂದಿಯದಾಗಿರಲಿಲ್ಲ.

ಮನೆಗೆ ನಿಜವಾಗಿ ತಟ್ಟುವುದು ಬ್ಯಾಂಕಿನ ವಿನಿಮಯ ಅಂತರ ಮತ್ತು ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಅಂದರೆ ಟಿಸಿಎಸ್. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಹೂಡಿಕೆ ರವಾನೆಗೆ ಶೇ 20 ಟಿಸಿಎಸ್ ಇದೆ. 15 ಲಕ್ಷ ಕಳುಹಿಸುವವರು ಹೆಚ್ಚುವರಿ 5 ಲಕ್ಷದ ಮೇಲೆ 1 ಲಕ್ಷ ಕಟ್ಟಬೇಕು. ರಿಟರ್ನ್ ಸಲ್ಲಿಸಿದಾಗ ಅದು ಮರಳುತ್ತದಲ್ಲ ಎನ್ನಬಹುದು. ನಿಜ, ಸಂಬಳದಾರರು ಟಿಡಿಎಸ್‌ನಲ್ಲೇ ಹೊಂದಿಸಿಕೊಳ್ಳಲೂಬಹುದು. ಹಾಗೆ ಹೊಂದಿಸಿಕೊಳ್ಳಲಾಗದವರ ಹಣ ವರ್ಷವಿಡೀ ಸಿಲುಕಿದರೆ, ಶೇ 7ರ ಬಡ್ಡಿಯಂತೆ ನಷ್ಟ 7,000 ರೂಪಾಯಿ. ಡಾಲರ್ ದರ 85 ಎಂದಿಟ್ಟುಕೊಂಡರೆ, ಪ್ರತಿ ಡಾಲರ್‌ಗೆ ಸುಮಾರು 40 ಪೈಸೆ ಹೆಚ್ಚು ಕೊಟ್ಟಂತೆ. ಯಾವ ದರಪಟ್ಟಿಯಲ್ಲೂ ಈ 40 ಪೈಸೆ ಕಾಣಿಸುವುದಿಲ್ಲ.